ಒಂದೇ ಫೋಟೋ ಮೂರು ಕಡೆಗೆ: ಭರಣಿಯ ಸುತ್ತ ಎಷ್ಟು ಜಾಗ ಬಿಡಬೇಕು?

"ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಒಂದೇ ಫೋಟೋವನ್ನು ವೆಬ್‌ಸೈಟ್ ಬ್ಯಾನರ್, ಇನ್‌ಸ್ಟಾಗ್ರಾಂ ಸ್ಟೋರಿ, ಯೂಟ್ಯೂಬ್ ಥಂಬ್‌ನೇಲ್ ಮೂರಕ್ಕೂ ಬಳಸಬೇಕು. ಪ್ರತಿ ಸಲ ಏನಾದರೊಂದು ಕತ್ತರಿಸಿಹೋಗುತ್ತದೆ. ಛಾಯಾಗ್ರಾಹಕರಿಗೆ ಅಳತೆ ಹೇಗೆ ಹೇಳಲಿ?"

ಕ್ಯಾಮೆರಾ ಅಡ್ಡವಾಗಿರಲಿ, ಭರಣಿ ನಟ್ಟನಡುವೆ ಇರಲಿ, ಅದು ಫ್ರೇಮಿನ ಅರ್ಧ ಎತ್ತರವನ್ನಷ್ಟೇ ತುಂಬಲಿ ಎಂದು ಹೇಳಿ. ಸುತ್ತಲಿನ ಜಾಗ ವ್ಯರ್ಥವಾಗುತ್ತಿದೆ ಎಂದು ಅವರಿಗೆ ಅನ್ನಿಸಬಹುದು. ಆದರೆ ನಿಮಗೆ ಬೇಕಾಗಿರುವುದೇ ಆ ಜಾಗ.

ಫೋಟೋ 3600 ಪಿಕ್ಸೆಲ್ ಅಗಲ, 2400 ಎತ್ತರ ಇದೆ ಎಂದುಕೊಳ್ಳೋಣ. ಆಗ ಭರಣಿಯ ಎತ್ತರ 1200. ಸ್ಟೋರಿಯ ಅನುಪಾತ 9:16. ಪೂರ್ತಿ ಎತ್ತರ ಉಳಿಸಿಕೊಂಡು ಕತ್ತರಿಸಿದರೆ ನಡುವಿನ 1350 ಅಗಲದ ಪಟ್ಟಿ ಮಾತ್ರ ಸಿಗುತ್ತದೆ. ಥಂಬ್‌ನೇಲಿನದು 16:9. ಅದಕ್ಕೆ 2400 ಅಗಲ, 1350 ಎತ್ತರ ತೆಗೆದುಕೊಂಡರೆ ಭರಣಿ ಚಿಕ್ಕ ಪರದೆಯಲ್ಲೂ ದೊಡ್ಡದಾಗಿ ಕಾಣುತ್ತದೆ. ಈ ಎರಡೂ ಒಂದರ ಮೇಲೊಂದು ಬೀಳುವ ಭಾಗ 1350ರ ಚೌಕ. ಮುಚ್ಚಳ, ಲೇಬಲ್, ತಳ, ನೆರಳು ಎಲ್ಲವೂ ಆ ಚೌಕದೊಳಗೆ ಇರಬೇಕು.

ನೆರಳನ್ನು ಬೇಕೆಂದೇ ಸೇರಿಸಿದ್ದೇನೆ. ಒಮ್ಮೆ ನಾನು ಭರಣಿಯನ್ನಷ್ಟೇ ಅಳೆದು ಚೌಕ ಗುರುತಿಸಿದ್ದೆ. ಸಂಜೆಯ ಬೆಳಕಿನ ಉದ್ದ ನೆರಳು ಬಲಕ್ಕೆ ಚಾಚಿತ್ತು. ಸ್ಟೋರಿಗೆ ಕತ್ತರಿಸಿದಾಗ ಅದು ಅಂಚಿನಲ್ಲಿ ಗೆರೆ ಎಳೆದ ಹಾಗೆ ತುಂಡಾಯಿತು. ಭರಣಿಯನ್ನು ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕಂಡಿತು. ಇಡೀ ಫೋಟೋವನ್ನು ಮತ್ತೆ ತೆಗೆಯಬೇಕಾಯಿತು.

ಸ್ಟೋರಿಯಲ್ಲಿ ಇನ್ನೊಂದು ತೊಡಕಿದೆ. ಮೇಲ್ಗಡೆ ಖಾತೆಯ ಹೆಸರು, ಕೆಳಗಡೆ ಉತ್ತರ ಬರೆಯುವ ಪೆಟ್ಟಿಗೆ ಬಂದು ಚಿತ್ರವನ್ನು ಮುಚ್ಚುತ್ತವೆ. 1080×1920ರ ಸ್ಟೋರಿಯಲ್ಲಿ ನಾನು ಮೇಲೆ 270, ಕೆಳಗೆ 380 ಪಿಕ್ಸೆಲ್ ಖಾಲಿ ಬಿಡುತ್ತೇನೆ. ಮೇಲಿನ ಲೆಕ್ಕದಂತೆ ತೆಗೆದ ಭರಣಿ 480ರಿಂದ 1440ರವರೆಗೆ ನಿಲ್ಲುತ್ತದೆ. ಹಾಗಾಗಿ ಎರಡೂ ಕಡೆ ಅಪಾಯವಿಲ್ಲ, ಮುಚ್ಚಳದ ಮೇಲೆ ಒಂದು ಸಾಲು ಬರಹಕ್ಕೂ ಜಾಗ ಸಿಗುತ್ತದೆ. ಥಂಬ್‌ನೇಲಿನಲ್ಲಿ ಬಲಗಡೆಯ ಕೆಳಮೂಲೆಗೆ ವಿಡಿಯೊದ ಅವಧಿ ಬಂದು ಕೂರುತ್ತದೆ. ಬೆಲೆಯನ್ನು ಅಲ್ಲಿ ಬರೆಯಬೇಡಿ.

ನಿಜವಾಗಿ ಕಾಡುವುದು ಬ್ಯಾನರ್. ನಿಮ್ಮದು 3:1 ಆಗಿದ್ದರೆ, 3600 ಅಗಲಕ್ಕೆ 1200 ಎತ್ತರ ಮಾತ್ರ ಸಿಗುತ್ತದೆ. ಅಂದರೆ ಮುಚ್ಚಳ ಮೇಲಂಚಿಗೆ, ತಳ ಕೆಳಂಚಿಗೆ ತಾಗುತ್ತದೆ. ಉಸಿರಾಡಲು ಜಾಗ ಬೇಕೆಂದರೆ ಎತ್ತರವನ್ನು 1350ಕ್ಕೆ ಏರಿಸಬೇಕು, ಆಗ ಅಗಲ 4050 ಆಗಬೇಕು. ಕಡಿಮೆ ಬೀಳುವ 450 ಪಿಕ್ಸೆಲ್‌ಗಳನ್ನು ಎರಡೂ ಬದಿಗೆ 225ರಂತೆ ಹಂಚಿ, ಹಿನ್ನೆಲೆಯನ್ನೇ ಹಿಗ್ಗಿಸಿ ತುಂಬಿಸಬಹುದು. ಹಿನ್ನೆಲೆ ಒಂದೇ ಬಣ್ಣದ ಗೋಡೆಯೋ ಬಟ್ಟೆಯೋ ಆಗಿದ್ದರೆ ಇದು ಸುಲಭ. ಬಾಳೆಎಲೆ, ಒಣಮೆಣಸಿನಕಾಯಿ ಹರಡಿದ್ದರೆ ಜೋಡಣೆ ಎದ್ದು ಕಾಣುತ್ತದೆ. ಅಲಂಕಾರವನ್ನು ಚೌಕದೊಳಗೇ ಮುಗಿಸಿ, ಅಂಚುಗಳನ್ನು ಬರಿದಾಗಿ ಬಿಡಲು ಹೇಳಿ.

ಫೋಟೋದ ಮೇಲೆ ಅಕ್ಷರ ಹಾಕಿಸಿಕೊಳ್ಳಬೇಡಿ, ಪ್ರತಿ ಅಳತೆಗೂ ಅದು ಬೇರೆ ಕಡೆ ಕೂರಬೇಕಾಗುತ್ತದೆ. ಮೊದಲ ಫೋಟೋ ತೆಗೆದ ಕೂಡಲೇ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಮೂರು ಅಳತೆಗೂ ಕತ್ತರಿಸಿ ನೋಡಿ. ಭರಣಿ ಇನ್ನೂ ಮೇಜಿನ ಮೇಲಿರುವಾಗಲೇ ತಪ್ಪು ಗೊತ್ತಾದರೆ ಕ್ಯಾಮೆರಾವನ್ನು ಒಂದಡಿ ಹಿಂದೆ ಸರಿಸುವುದಷ್ಟೇ ಕೆಲಸ.