ಬಿದರಿ ಸುರಾಹಿ ಮಗ್ ಮೇಲೆ ಸಣ್ಣದು, ಟೀಶರ್ಟ್ ಮೇಲೆ ಮಸುಕು: ಅಳತೆ ಎಲ್ಲಿ ತಪ್ಪಿತು?

ಪ್ರಶ್ನೆ: ನಮ್ಮ ಮನೆಯ ಬಿದರಿ ಸುರಾಹಿಯ ಫೋಟೊದ ಹಿನ್ನೆಲೆ ತೆಗೆದು ಪಿಎನ್‌ಜಿ ಮಾಡಿದ್ದೆ. ಕಲಬುರಗಿಯಲ್ಲಿ ಪ್ರಿಂಟ್ ಮಾಡಿಸಿದರೆ ಮಗ್ ಮೇಲೆ ಬೆರಳುದ್ದ ಬಂತು. ಕಪ್ಪು ಟೀಶರ್ಟ್ ಮೇಲೆ ದೊಡ್ಡದು ಮಾಡಿಸಿದರೆ ಮಸುಕಾಯ್ತು, ಸುತ್ತ ಬೆಳ್ಳನೆಯ ಗೆರೆ ಬೇರೆ. ಫೈಲ್ ಕಳಿಸಿದ್ದೇನೆ, ಏನು ತಪ್ಪಾಗಿದೆ ಹೇಳ್ತೀರಾ?
— ಓದುಗರು, ಬೀದರ್

ಉತ್ತರ: ನಿಮ್ಮ ಫೈಲ್ 1200 × 1600 ಪಿಕ್ಸೆಲ್ ಇದೆ. ಆದರೆ ಅದರಲ್ಲಿ ಸುರಾಹಿ ಇರುವುದು 430 × 820 ಪಿಕ್ಸೆಲ್ ಮಾತ್ರ, ಉಳಿದದ್ದೆಲ್ಲ ಕಣ್ಣಿಗೆ ಕಾಣದ ಖಾಲಿ ಜಾಗ. ಅಂಗಡಿಯವರ ಕಂಪ್ಯೂಟರ್‌ಗೆ ಆ ಖಾಲಿ ಜಾಗವೂ ಚಿತ್ರವೇ. ಮಗ್‌ಗೆ 80 ಮಿ.ಮೀ. ಎತ್ತರ ಕೊಟ್ಟಾಗ ಇಡೀ ಫೈಲ್ ಆ 80 ಮಿ.ಮೀ.ನಲ್ಲಿ ಕೂತಿತು, ಸುರಾಹಿಗೆ ಸಿಕ್ಕಿದ್ದು 41 ಮಿ.ಮೀ. ಅಷ್ಟೇ.

ಮಸುಕಾಗಿದ್ದಕ್ಕೂ ಲೆಕ್ಕ ಇಲ್ಲೇ ಇದೆ. ಒಂದು ಚಿತ್ರ ಎಷ್ಟು ದೊಡ್ಡದಾಗಿ ಅಚ್ಚಾಗಬಹುದು ಎಂದು ನೋಡಲು ಈ ಒಂದು ಸೂತ್ರ ಸಾಕು, ಇದರಲ್ಲಿ ಡಿಪಿಐ ಎಂದರೆ ಅಚ್ಚಿನಲ್ಲಿ ಒಂದು ಇಂಚಿಗೆ ಬರುವ ಪಿಕ್ಸೆಲ್ ಎಣಿಕೆ:

```
ಸೆಂ.ಮೀ. = ಪಿಕ್ಸೆಲ್ ÷ ಡಿಪಿಐ × 2.54
```

ಟೀಶರ್ಟ್‌ಗೆ 300 ಡಿಪಿಐ ಉತ್ತಮ, 200ರವರೆಗೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, 150 ಕೊನೆಯ ಮಿತಿ. ನಿಮ್ಮ 820 ಪಿಕ್ಸೆಲ್‌ಗೆ 150 ಡಿಪಿಐನಲ್ಲೂ ಸಿಗುವುದು ಸುಮಾರು 14 ಸೆಂ.ಮೀ. ಎತ್ತರ. ಅದನ್ನೇ 30 ಸೆಂ.ಮೀ.ಗೆ ಎಳೆಸಿದ್ದೀರಿ ಎಂದರೆ ಇಂಚಿಗೆ 70 ಪಿಕ್ಸೆಲ್ ಕೂಡ ಉಳಿದಿಲ್ಲ. ಬಿದರಿಯ ಅಂದವೆಲ್ಲ ಕಪ್ಪು ಲೋಹದಲ್ಲಿ ಕೂರಿಸಿದ ಬೆಳ್ಳಿ ತಂತಿಯ ಎಳೆಗಳಲ್ಲೇ ಇರುವುದರಿಂದ, ಮೊದಲು ಕಲಸಿಹೋಗುವುದೂ ಅವೇ. ಸಾಫ್ಟ್‌ವೇರ್‌ನಲ್ಲಿ ಡಿಪಿಐ 72 ಅಳಿಸಿ 300 ಎಂದು ಬರೆದರೆ ಪಿಕ್ಸೆಲ್ ಹೆಚ್ಚಾಗುವುದಿಲ್ಲ. ಪಿಕ್ಸೆಲ್ ಎಣಿಕೆಯನ್ನೇ ಹಿಗ್ಗಿಸಿದರೂ ಕಳೆದುಹೋದ ಎಳೆ ಮರಳಿ ಬರುವುದಿಲ್ಲ.

ಉದ್ದದ ಬದಿ ಸರಿಯಾಗಿ 1600 ಇರುವುದನ್ನು ನೋಡಿದರೆ, ಫೋಟೊ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿಯೇ ದಾಟಿ ಬಂದು ಕುಗ್ಗಿರಬೇಕು. ಮೂಲ ಫೋಟೊ ಮೊಬೈಲ್‌ನಲ್ಲಿ ಇನ್ನೂ ಇದ್ದರೆ ಅಲ್ಲಿಂದಲೇ ಮತ್ತೆ ಶುರುಮಾಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 3000 × 4000 ಇರುತ್ತದೆ, ಅಂದರೆ ಅದೇ ಸುರಾಹಿ ಸುಮಾರು 1075 × 2050 ಪಿಕ್ಸೆಲ್ ಸಿಗುತ್ತದೆ. 25 ಸೆಂ.ಮೀ. ಎತ್ತರಕ್ಕೆ ಅಚ್ಚು ಮಾಡಿಸಿದರೂ 208 ಡಿಪಿಐ. ಇದು ಧಾರಾಳವಾಗಿ ಸಾಕು. ಹಿನ್ನೆಲೆ ತೆಗೆಯುವ ಕೆಲವು ಜಾಲತಾಣಗಳು ಉಚಿತವಾಗಿ ಕೊಡುವ ಫೈಲ್ ಚಿಕ್ಕದಾಗಿರುತ್ತದೆ, ಹಾಗಾಗಿ ಡೌನ್‌ಲೋಡ್ ಆದ ಮೇಲೆ ಪಿಕ್ಸೆಲ್ ಎಷ್ಟಿದೆ ಎಂದು ಇನ್ನೊಮ್ಮೆ ನೋಡಿ.

ಇನ್ನು ಕೆಲಸದ ಕ್ರಮ. ಚಿತ್ರ ತಿದ್ದುವ ಗಿಂಪ್ ಸಾಫ್ಟ್‌ವೇರ್ ಉಚಿತ, ಅದರಲ್ಲೇ ಹೇಳುತ್ತೇನೆ. ಮೊದಲು ಚಿತ್ರದ ಕೆಳಗೆ ಗಾಢ ಹಸಿರು ಅಥವಾ ಗುಲಾಬಿ ಬಣ್ಣದ ಲೇಯರ್ ಹಾಕಿ ನೋಡಿ. ಮೂಲೆಯಲ್ಲಿ ಎಲ್ಲೋ ಉಳಿದ ಚುಕ್ಕೆ, ಸುರಾಹಿಯ ಬುಡದ ತೆಳು ನೆರಳು ಆಗ ಎದ್ದು ಕಾಣುತ್ತವೆ. ಅಳಿಸಿಬಿಡಿ. ಒಂದು ಚುಕ್ಕೆ ಉಳಿದರೂ ಸಾಫ್ಟ್‌ವೇರ್ ಅಲ್ಲಿಯವರೆಗೆ ಚಿತ್ರ ಇದೆ ಎಂದೇ ತಿಳಿಯುತ್ತದೆ. ಬಣ್ಣದ ಲೇಯರ್ ತೆಗೆದು `Image > Crop to Content` ಕೊಟ್ಟರೆ ಖಾಲಿ ಜಾಗ ಹೋಗಿ ಸುರಾಹಿ ಮಾತ್ರ ಉಳಿಯುತ್ತದೆ. ಇದನ್ನು ಮೂಲಪ್ರತಿಯಾಗಿ ಉಳಿಸಿಕೊಂಡು, ಮಗ್‌ಗೆ ಒಂದು, ಟೀಶರ್ಟ್‌ಗೆ ಒಂದು ಬೇರೆ ಬೇರೆ ಫೈಲ್ ಮಾಡಿ. ಒಂದೇ ಫೈಲ್ ಎರಡಕ್ಕೂ ಆಗುವುದಿಲ್ಲ.

ಮಗ್ ಸುಲಭ. ಮಾಮೂಲಿ 11 ಔನ್ಸ್ ಮಗ್ ಮೇಲೆ ಶಾಖದಿಂದ ಬಣ್ಣ ಇಳಿಸುವ ಸಬ್ಲಿಮೇಷನ್‌ಗೆ ಸಿಗುವ ಪಟ್ಟಿ ಹೆಚ್ಚುಕಡಿಮೆ 200 × 90 ಮಿ.ಮೀ., ಅಂದರೆ 300 ಡಿಪಿಐನಲ್ಲಿ 2362 × 1063 ಪಿಕ್ಸೆಲ್. ಮಗ್‌ನ ಅಂಚಿನ ಹತ್ತಿರ ಪ್ರೆಸ್‌ನ ಶಾಖ ಮತ್ತು ಒತ್ತಡ ಸರಿಯಾಗಿ ಮುಟ್ಟದೆ ಬಣ್ಣ ತೇಲಿಹೋಗುತ್ತದೆ. ಅದಕ್ಕೇ ಮೇಲೆ ಕೆಳಗೆ 5 ಮಿ.ಮೀ. ಬಿಟ್ಟು ಸುರಾಹಿಗೆ 80 ಮಿ.ಮೀ., ಅಂದರೆ 945 ಪಿಕ್ಸೆಲ್ ಎತ್ತರ ಕೊಡಿ. ಅಗಲ ತಾನಾಗಿ 42 ಮಿ.ಮೀ. ಆಗುತ್ತದೆ. ಪಟ್ಟಿಯ ನಟ್ಟನಡುವೆ ಇಟ್ಟರೆ ಚಿತ್ರ ಹಿಡಿಕೆಯ ಎದುರುಗಡೆ ಬರುತ್ತದೆ, ಕುಡಿಯುವವರಿಗೂ ಕಾಣದು, ಎದುರು ಕೂತವರಿಗೂ ಪೂರ್ತಿ ಕಾಣದು. ಪಟ್ಟಿಯ ಎಡ ಮತ್ತು ಬಲ ತುದಿಯಿಂದ 36 ಮಿ.ಮೀ. ಒಳಗೆ ಒಂದೊಂದು ಸುರಾಹಿಯ ಮಧ್ಯರೇಖೆ ಬರಲಿ. ಆಗ ಬಲಗಡೆಯದು ಬಲಗೈಯಲ್ಲಿ ಮಗ್ ಹಿಡಿದವರಿಗೆ, ಎಡಗಡೆಯದು ಎದುರಿನವರಿಗೆ ನೇರ ಕಾಣುತ್ತದೆ. ಮಗ್‌ಗೆ ಬಿಳಿ ಶಾಯಿ ಇಲ್ಲ, ಖಾಲಿ ಜಾಗದಲ್ಲಿ ಮಗ್‌ನ ಬಿಳುಪೇ ಕಾಣುತ್ತದೆ. ಆದ್ದರಿಂದ ಇಲ್ಲಿ ಮೃದುವಾದ ಅಂಚಿದ್ದರೂ ತೊಂದರೆಯಿಲ್ಲ.

ತೊಂದರೆ ಇರುವುದು ಟೀಶರ್ಟ್‌ನಲ್ಲಿ. ಫಿಲ್ಮ್ ಮೇಲೆ ಅಚ್ಚು ಮಾಡಿ ಬಟ್ಟೆಗೆ ಒತ್ತುವ ಡಿಟಿಎಫ್ ವಿಧಾನದಲ್ಲಿ ಬಣ್ಣದ ಹಿಂದೆ ಬಿಳಿ ಶಾಯಿಯ ಪದರ ಬೀಳುತ್ತದೆ. ಹಿನ್ನೆಲೆ ತೆಗೆದಾಗ ಅಂಚಿನಲ್ಲಿ ಅರೆಪಾರದರ್ಶಕ ಪಿಕ್ಸೆಲ್‌ಗಳ ಒಂದು ಸಾಲು ಉಳಿಯುತ್ತದೆ, ಅದರಲ್ಲಿ ಹಳೆಯ ಹಿನ್ನೆಲೆಯ ಬಣ್ಣವೂ ಅಂಟಿಕೊಂಡಿರುತ್ತದೆ. ಆ ತೆಳು ಬಣ್ಣದ ಹಿಂದೆ ಬಿಳಿ ಬಿದ್ದರೆ ಕಪ್ಪು ಬಟ್ಟೆಯ ಮೇಲೆ ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ. ನಿಮಗೆ ಬಂದದ್ದು ಅದೇ.

ಹೀಗೆ ಸರಿಮಾಡಿ. ಟೀಶರ್ಟ್‌ಗೆಂದು ಮಾಡಿದ ಫೈಲ್‌ನಲ್ಲಿ `Layer > Transparency > Alpha to Selection` ಕೊಟ್ಟು, `Select > Shrink` ನಲ್ಲಿ 2 ಪಿಕ್ಸೆಲ್ ಒಳಕ್ಕೆ ಸರಿಸಿ, `Select > Invert` ಮಾಡಿ ಅಳಿಸಿ. ಆಯ್ಕೆಯನ್ನು ಬಿಡಿಸಲು `Select > None`. ಬಳಿಕ `Image > Scale Image` ನಲ್ಲಿ ಎತ್ತರ 25 ಸೆಂ.ಮೀ., 300 ಡಿಪಿಐ ಕೊಡಿ, ಅದು 2953 ಪಿಕ್ಸೆಲ್. ಇಲ್ಲಿ ಹಿಗ್ಗಿಸುವುದು ಎಳೆಗಳನ್ನು ಸೃಷ್ಟಿಸಲು ಅಲ್ಲ, ಅಂಚು ನಯವಾಗಿ ಬರಲಿ ಎಂದು. ಇದಾದ ಮೇಲೆಯೇ `Layer > Transparency > Threshold Alpha` ಕೊಟ್ಟು ಅರೆಪಾರದರ್ಶಕ ಪಿಕ್ಸೆಲ್‌ಗಳನ್ನು ಪೂರ್ತಿ ಇಲ್ಲವೇ ಖಾಲಿ ಎರಡರಲ್ಲೊಂದು ಮಾಡಿ. ಹಿಗ್ಗಿಸುವ ಮೊದಲೇ ಮಾಡಿದರೆ ಅಂಚು ಗರಗಸದ ಹಲ್ಲಿನಂತೆ ಏಳುತ್ತದೆ.

ಕಪ್ಪು ಸುರಾಹಿ ಕಪ್ಪು ಬಟ್ಟೆಯಲ್ಲಿ ಕರಗಿಹೋಗಿ ಬರೀ ಬೆಳ್ಳಿ ಬಳ್ಳಿಗಳು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಮರೂನ್ ಬಟ್ಟೆ ಚೆಂದ. ಕಪ್ಪೇ ಬೇಕಿದ್ದರೆ ಸುತ್ತ ತಿಳಿಬೂದು ಬಣ್ಣದ 2 ಮಿ.ಮೀ. ಅಂಚು ಹಾಕಿ. ಒಂದು ಮಿ.ಮೀ.ಗಿಂತ ತೆಳುವಾದರೆ ಕೆಲವು ಒಗೆತಕ್ಕೇ ಎದ್ದುಬರುವ ಭಯವಿದೆ. ಆದರೆ ಈಗ ಫೈಲ್‌ನ ಗಡಿ ಸುರಾಹಿಗೆ ತಾಗಿಕೊಂಡೇ ಇದೆ, ಹಾಗೇ ಅಂಚು ಬರೆದರೆ ಅದರ ಹೊಟ್ಟೆಯ ಎರಡೂ ಕಡೆ ಗೆರೆ ಕತ್ತರಿಸಿಹೋಗುತ್ತದೆ. ಮೊದಲು `Image > Canvas Size` ನಲ್ಲಿ ಪ್ರತಿ ಬದಿಗೆ 60 ಪಿಕ್ಸೆಲ್, ಅಂದರೆ 5 ಮಿ.ಮೀ. ಸೇರಿಸಿ, ಚಿತ್ರವನ್ನು ನಡುವೆ ಕೂರಿಸಿ. ಆಮೇಲೆ ಮತ್ತೆ `Alpha to Selection`, `Select > Grow` ನಲ್ಲಿ 24 ಪಿಕ್ಸೆಲ್, ಕೆಳಗೊಂದು ಹೊಸ ಲೇಯರ್ ಮಾಡಿ ಬಣ್ಣ ತುಂಬಿ. ಫೈಲ್ ಸುಮಾರು 14 × 26 ಸೆಂ.ಮೀ. ಆಗುತ್ತದೆ, ಎ4 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಎರಡನ್ನೂ ಸಾದಾ ಹಾಳೆಯಲ್ಲಿ 100% ಅಳತೆಗೆ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಅಳೆಯಿರಿ. ಮಗ್‌ನದನ್ನು ಮಗ್‌ಗೇ ಸುತ್ತಿ ನೋಡಿ. ಟೀಶರ್ಟ್‌ನದನ್ನು ಕಾಲರ್‌ನಿಂದ 7–8 ಸೆಂ.ಮೀ. ಕೆಳಗೆ ಇಟ್ಟು ಕನ್ನಡಿಯಲ್ಲಿ ನೋಡಿ. 80 ಮಿ.ಮೀ. ಚಿತ್ರದಲ್ಲಿ ಬೆಳ್ಳಿ ಎಳೆಗಳು ಒಂದಕ್ಕೊಂದು ಅಂಟಿ ಬೂದು ಮಚ್ಚೆಯಾಗಿ ಕಂಡರೆ, ಮಗ್‌ಗೆ ಇಡೀ ಸುರಾಹಿ ಬಿಟ್ಟು ಅದರ ಹೊಟ್ಟೆಯ ಭಾಗವನ್ನಷ್ಟೇ ದೊಡ್ಡದಾಗಿ ಬಳಸಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೊ ಆಗಿ ಕಳಿಸಿದರೆ ಪಿಕ್ಸೆಲ್ ಜೊತೆ ಪಾರದರ್ಶಕತೆಯೂ ಹೋಗುತ್ತದೆ. ಜೊತೆಗೆ ಒಂದು ಸಾಲು ಬರೆಯಿರಿ: "ಅಣ್ಣಾ, ಫೈಲ್ ಅಳತೆ ಸರಿ ಇದೆ, ಫಿಟ್ ಟು ಪೇಜ್ ಕೊಡಬೇಡಿ, ಮಿರರ್ ನಾನು ಮಾಡಿಲ್ಲ, ನೀವೇ ಮಾಡಬೇಕು." ಇಬ್ಬರೂ ಮಿರರ್ ಮಾಡಿದರೆ ಮಗ್ ಮೇಲಿನ ಚಿತ್ರ ಎಡಬಲ ಉಲ್ಟಾ ಬರುತ್ತದೆ.