ಹುಣ್ಣಿಮೆಗೆ ಸಮುದ್ರ ಯಾಕೆ ಜಾಸ್ತಿ ಉಬ್ಬುತ್ತದೆ?

ಪ್ರಶ್ನೆ: ಉಬ್ಬರ ಇಳಿತ ಅಂದ್ರೆ ಏನು? ಸೂರ್ಯ ಅಷ್ಟು ದೊಡ್ಡವನಾದ್ರೂ ಎಲ್ಲರೂ ಚಂದ್ರನ ಹೆಸರನ್ನೇ ಯಾಕೆ ಹೇಳ್ತಾರೆ?

ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಜನ ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಾರೆ. ಸುಮಾರು ಆರು ಗಂಟೆ ಕಳೆದರೆ ಅದೇ ಜಾಗ ಮುಳುಗಿರುತ್ತದೆ. ಸಮುದ್ರದ ಈ ಏರಿಳಿತವೇ ಉಬ್ಬರ ಇಳಿತ.

ಚಂದ್ರ ತನ್ನ ಕಡೆಗಿರುವ ನೀರನ್ನು ಭೂಮಿಯ ನಡುಭಾಗಕ್ಕಿಂತ ತುಸು ಜೋರಾಗಿ ಎಳೆಯುತ್ತಾನೆ. ಆಚೆ ಬದಿಯ ನೀರಿನ ಮೇಲೆ ಅವನ ಎಳೆತ ತುಸು ಕಡಿಮೆ, ಹಾಗಾಗಿ ಅದು ಹಿಂದೆ ಉಳಿಯುತ್ತದೆ. ಎರಡೂ ಕಡೆ ನೀರು ಉಬ್ಬುತ್ತದೆ. ಭೂಮಿ ತಿರುಗುವುದರಿಂದ ನಮ್ಮ ಕರಾವಳಿಗೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಅಷ್ಟರಲ್ಲಿ ಚಂದ್ರನೂ ಮುಂದೆ ಸರಿದಿರುತ್ತಾನಲ್ಲ, ಅದಕ್ಕೇ ಮರುದಿನ ಸುಮಾರು 50 ನಿಮಿಷ ತಡ.

ಇಲ್ಲಿ ಲೆಕ್ಕಕ್ಕೆ ಬರುವುದು ಎಳೆತವಲ್ಲ, ಈ ಬದಿಗೂ ಆ ಬದಿಗೂ ಇರುವ ಎಳೆತದ ವ್ಯತ್ಯಾಸ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಜೋರಾಗಿ ಎಳೆಯುತ್ತಾನೆ. ಆದರೆ ಅವನಿರುವುದು ಸುಮಾರು 390 ಪಟ್ಟು ದೂರ. ಅಷ್ಟು ದೂರದಿಂದ ಭೂಮಿಯ ಎರಡೂ ಬದಿ ಹೆಚ್ಚುಕಡಿಮೆ ಒಂದೇ.

ಹಾಗಾಗಿ ಚಂದ್ರನ ಪಾಲು 100 ಅಂದುಕೊಂಡರೆ ಸೂರ್ಯನದು ಬರೀ 46. ಅಮಾವಾಸ್ಯೆ, ಹುಣ್ಣಿಮೆಗೆ ಮೂವರೂ ಒಂದೇ ಸಾಲಿನಲ್ಲಿರುತ್ತಾರೆ, ಎರಡು ಪಾಲೂ ಸೇರಿ 146. ಅಷ್ಟಮಿ ಹೊತ್ತಿಗೆ ಸೂರ್ಯ ಅಡ್ಡಕ್ಕೆ ಎಳೆಯುತ್ತಾನೆ, ಉಳಿಯುವುದು 54. ಕರಾವಳಿಯ ಆಕಾರ, ಸಮುದ್ರದ ಆಳವೂ ಇದರಲ್ಲಿ ಕೈಯಾಡಿಸುತ್ತವೆ. ಎಷ್ಟೋ ಕಡೆ ದೊಡ್ಡ ಉಬ್ಬರ ಬರುವುದು ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ.