ಸಾಸಿವೆ ಎಣ್ಣೆ: ಸೊಸೆ ಹೇಳಿದ್ದು ಸರಿಯೋ, ಮಗಳು ಹೇಳಿದ್ದೋ?

ಪ್ರಶ್ನೆ: ನಮ್ಮ ಸೊಸೆ ಕೋಲ್ಕತ್ತಾದವಳು. ಅಡುಗೆಗೆ ಸಾಸಿವೆ ಎಣ್ಣೆಯೇ ಬೇಕು ಅಂತಾಳೆ. ಅಮೆರಿಕದಲ್ಲಿರುವ ಮಗಳು, ಅಲ್ಲಿ ಆ ಬಾಟಲಿ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಅಂತ ಬರೆದಿರುತ್ತೆ, ಹಾರ್ಟಿಗೆ ಕೆಟ್ಟದ್ದು ಅಂತಾಳೆ. ಮನೆಯಲ್ಲಿ ಒಂದು ವರ್ಷದ ಮೊಮ್ಮಗುವೂ ಇದೆ. ಏನು ಮಾಡಲಿ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ ಬರಹ ನಿಜವೇ. ಕಾರಣ ಎರುಸಿಕ್ ಆಮ್ಲ ಅನ್ನೋ ಕೊಬ್ಬು. ನಮ್ಮಲ್ಲಿ ಸಿಗುವ ಸಾಸಿವೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕರ್ಧ ಅದೇ ಇರುತ್ತದೆ. ಇದನ್ನು ಜಾಸ್ತಿ ತಿನ್ನಿಸಿದ ಇಲಿಮರಿ, ಹಂದಿಮರಿಗಳ ಹೃದಯದ ಸ್ನಾಯುವಿನಲ್ಲಿ ಕೊಬ್ಬಿನ ಹನಿಗಳು ಕೂತವು. ತಿನ್ನಿಸುವುದು ನಿಲ್ಲಿಸಿದರೆ ಕರಗಿಯೂ ಹೋದವು. ಮನುಷ್ಯರಲ್ಲಿ ಹೀಗಾಗುತ್ತದೆ ಅಂತ ಯಾರೂ ತೋರಿಸಿಲ್ಲ. ಆದರೂ ಅಮೆರಿಕ ಅದನ್ನು ಅಡುಗೆ ಎಣ್ಣೆಯಾಗಿ ಒಪ್ಪಿಲ್ಲ. ಯುರೋಪು ಎರುಸಿಕ್ ಆಮ್ಲಕ್ಕೆ ಸಾಸಿವೆ ಎಣ್ಣೆಯಲ್ಲಿ 5%, ಬೇರೆ ಹೆಚ್ಚಿನ ಎಣ್ಣೆಗಳಲ್ಲಿ 2% ಮಿತಿ ಹಾಕಿದೆ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಹೇಳಿದ ಲೆಕ್ಕ ನೋಡಿ: ಎರುಸಿಕ್ ಆಮ್ಲದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 7 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 420 ಮಿಲಿಗ್ರಾಂ. ಒಂದು ಟೀ ಚಮಚ ಸಾಸಿವೆ ಎಣ್ಣೆಯಲ್ಲೇ ಸುಮಾರು 2 ಗ್ರಾಂ ಇರುತ್ತದೆ, ಅಂದರೆ ಐದು ಪಟ್ಟು ಹತ್ತಿರ! ಗಾಬರಿಯಾಗಬೇಡಿ. ಪ್ರಾಣಿಗಳಿಗೆ ಏನೂ ತೊಂದರೆಯಾಗದ ಪ್ರಮಾಣವನ್ನು ನೂರರಿಂದ ಭಾಗಿಸಿ ಇಟ್ಟ ಗೆರೆ ಅದು. ಅದನ್ನು ದಾಟಿದ ಕೂಡಲೇ ಹೃದಯ ಕೆಡುತ್ತದೆ ಅಂತಲ್ಲ.

ಹಾಗಾದರೆ ತಿನ್ನುವವರ ಕಥೆ? ದೆಹಲಿ ಮತ್ತು ನಮ್ಮ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 350 ಜನರನ್ನು ಬೇರೆ 700 ಜನರ ಜೊತೆ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸೂರ್ಯಕಾಂತಿ ಎಣ್ಣೆಯವರಿಗಿಂತ ಸಾಸಿವೆ ಎಣ್ಣೆಯವರಲ್ಲೇ ಅಪಾಯ ಕಡಿಮೆ ಕಂಡಿತು. ಸೊಸೆಗೆ ಖುಷಿಯಾಗಬಹುದು, ಆದರೆ ಇದನ್ನೇ ಪೂರ್ತಿ ನಂಬಬೇಡಿ. ಕಾಯಿಲೆ ಬಂದ ಮೇಲೆ ‘ಮೊದಲು ಏನು ತಿನ್ನುತ್ತಿದ್ರಿ’ ಅಂತ ಕೇಳಿ ತೆಗೆದ ಲೆಕ್ಕ ಇದು. ಎಣ್ಣೆಯೇ ಕಾಪಾಡಿತೋ, ಅವರ ಉಳಿದ ಊಟವೋ, ಹೇಳುವುದು ಕಷ್ಟ.

ನನ್ನ ಮಾತು ಇಷ್ಟು: ದೊಡ್ಡವರು ಮೀನಿನ ಸಾರಿಗೆ, ಪಲ್ಯಕ್ಕೆ ಆಗಾಗ ಬಳಸಲಿ. ಉಳಿದ ದಿನ ಶೇಂಗಾ ಎಣ್ಣೆ ಇರಲಿ. ಒಗ್ಗರಣೆ ಸಾಸಿವೆಗೂ, ಮಿಡಿ ಉಪ್ಪಿನಕಾಯಿಯ ಸಾಸಿವೆ ಪುಡಿಗೂ ಹೆದರಬೇಡಿ. ಅರ್ಧ ಚಮಚ ಸಾಸಿವೆ ನಾಲ್ಕು ಜನರ ಸಾರಿಗೆ ಹಂಚಿಹೋದರೆ ತಲೆಗೆ ಎಷ್ಟು ಬಂತು, ಅಲ್ವಾ?

ಎಣ್ಣೆಯನ್ನು ಹೊಗೆ ಬರುವಷ್ಟು ಕಾಯಿಸಿದರೆ ಎಲ್ಲ ಹೋಗುತ್ತೆ ಅಂತ ಸೊಸೆ ಹೇಳಬಹುದು. ಹೋಗುವುದು ಮೂಗಿಗೆ ಹೊಡೆಯುವ ಘಾಟು. ಎರುಸಿಕ್ ಆಮ್ಲ ಬಾಣಲೆಯಲ್ಲೇ ಉಳಿಯುತ್ತದೆ.

ಮಗುವಿನ ಲೆಕ್ಕ ಬೇರೆ. 10 ಕಿಲೋ ಇದ್ದರೆ ಅದರ ಮಿತಿ 70 ಮಿಲಿಗ್ರಾಂ, ನಾಲ್ಕೈದು ಹನಿ ಎಣ್ಣೆಗೇ ಮುಗಿಯಿತು. ಹಾನಿ ಕಂಡಿದ್ದೂ ಮರಿಪ್ರಾಣಿಗಳಲ್ಲೇ. ಮೊಮ್ಮಗುವಿನ ಅನ್ನಕ್ಕೆ ಸುಮ್ನೆ ತುಪ್ಪ ಹಾಕಿ ಕಲಸಿ.